‘ಮಣ್ಣಲ್ಲಿ ಕರಗುತ್ತೆ’ ಅಂತ ಬರೆದ ಚೀಲ ನಮ್ಮೂರ ತಿಪ್ಪೆಯಲ್ಲಿ ಏನಾಗುತ್ತೆ?

ಹಸಿರು ಬಣ್ಣದ ತೆಳು ಚೀಲ. ಮೇಲೊಂದು ಎಲೆಯ ಚಿತ್ರ. ಕೆಳಗೆ ‘ನಾನು ಪ್ಲಾಸ್ಟಿಕ್ ಅಲ್ಲ’ ಅನ್ನೋ ಸಾಲು. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಇದನ್ನು ನೋಡಿ ನೋಡಿ ನಮಗೆಲ್ಲ ಅಭ್ಯಾಸವಾಗಿದೆ. ಈಗ ಚನ್ನಗಿರಿ, ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಣ್ಣಿನ ಅಂಗಡಿಗೂ ಬಂದಿದೆ. ಚೀಲದ ಮೇಲೆ ಬರೆದಿರೋದು ಸುಳ್ಳಾ ಅಂದರೆ, ಎಲ್ಲ ಚೀಲಗಳ ವಿಷಯದಲ್ಲೂ ಸುಳ್ಳಲ್ಲ. ಆದರೆ ಕೆಲವು ಚೀಲಗಳ ಮೇಲಿನ ನಿಜ ಕೂಡ ನಮ್ಮೂರಿಗೆ ಬಂದರೆ ನಿಜವಾಗಿ ಉಳಿಯೋದಿಲ್ಲ. ಯಾಕೆ ಅನ್ನೋದೇ ಈ ಬರಹ.

ಮೊದಲು ಎರಡು ಶಬ್ದಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ‘ಕಾಂಪೋಸ್ಟಬಲ್’ ಅಂದರೆ ಗೊಬ್ಬರ ತಯಾರಾಗೋ ಬಿಸಿ ರಾಶಿಯಲ್ಲಿ, ಗೊತ್ತುಪಡಿಸಿದ ದಿನಗಳೊಳಗೆ ಪುಡಿಯಾಗಿ, ಸೂಕ್ಷ್ಮಜೀವಿಗಳ ಆಹಾರವಾಗಿ ಮುಗಿಯಬೇಕು ಅಂತ. ಇದಕ್ಕೆ ಐಎಸ್/ಐಎಸ್‌ಒ 17088 ಅನ್ನೋ ಮಾನದಂಡವಿದೆ. ‘ಬಯೋಡಿಗ್ರೇಡಬಲ್’ ಅನ್ನೋ ಶಬ್ದಕ್ಕೆ ಬಹಳ ವರ್ಷ ನಮ್ಮಲ್ಲಿ ಕಾನೂನಿನ ಬೇಲಿಯೇ ಇರಲಿಲ್ಲ. ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರಲ್ಲಿ ಆದ ತಿದ್ದುಪಡಿ ಈ ಶಬ್ದಕ್ಕೆ ಒಂದು ಅರ್ಥ ಕೊಟ್ಟಿತು. 2024ರ ಮಾರ್ಚ್ ತಿದ್ದುಪಡಿ ಇನ್ನೂ ಬಿಗಿ ಮಾಡಿತು: ಮೈಕ್ರೋಪ್ಲಾಸ್ಟಿಕ್ ಉಳಿಸದೆ ಕರಗಿದರೆ ಮಾತ್ರ ಅದು ಬಯೋಡಿಗ್ರೇಡಬಲ್.

ಅದೇ ತಿದ್ದುಪಡಿಯಲ್ಲಿ ಲೇಬಲ್ ಬಗ್ಗೆಯೂ ಒಂದು ಮಾತಿದೆ, ಬಹಳ ಜನ ಗಮನಿಸಿಲ್ಲ. ಕಾಂಪೋಸ್ಟಬಲ್ ಚೀಲದ ಮೇಲೆ ‘ಕಾಂಪೋಸ್ಟಬಲ್ ಓನ್ಲಿ ಅಂಡರ್ ಇಂಡಸ್ಟ್ರಿಯಲ್ ಕಾಂಪೋಸ್ಟಿಂಗ್’ ಅಂತ ಬರೆಯಬೇಕು. ಅಂದರೆ ಕಾರ್ಖಾನೆ ಮಾದರಿಯ ಗೊಬ್ಬರ ಘಟಕದಲ್ಲಿ ಮಾತ್ರ. ಬಯೋಡಿಗ್ರೇಡಬಲ್ ಆದರೆ ಎಷ್ಟು ದಿನದಲ್ಲಿ, ಎಲ್ಲಿ, ಅಂದರೆ ಮಣ್ಣಲ್ಲೋ ನೀರಲ್ಲೋ ಕಸದ ಗುಡ್ಡೆಯಲ್ಲೋ ಅನ್ನೋದನ್ನು ಬರೆಯಬೇಕು. ಎಲೆಯ ಚಿತ್ರ ದೊಡ್ಡದಾಗಿ ಕಾಣುತ್ತೆ, ಈ ಸಾಲು ಇರುವೆ ಸಾಲಿನ ಹಾಗೆ ಅಂಚಲ್ಲಿರುತ್ತೆ. ಆ ಸಾಲಿನಲ್ಲಿರೋ ‘ಮಾತ್ರ’ ಅನ್ನೋದನ್ನು ಓದಿದವರಿಗೆ ಅರ್ಧ ಕಥೆ ಗೊತ್ತಾದ ಹಾಗೆ.

ಕಂಪನಿಗಳಿಗೆ ಈ ಚೀಲದ ಮೇಲೆ ಯಾಕಿಷ್ಟು ಪ್ರೀತಿ ಅಂತ ಕೇಳಬಹುದು. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲ ನಿಷೇಧವಾಯಿತು. ಮಾಮೂಲಿ ಕ್ಯಾರಿ ಬ್ಯಾಗ್ 120 ಮೈಕ್ರಾನಿಗಿಂತ ತೆಳುವಾಗಿರಬಾರದು ಅನ್ನೋ ನಿಯಮ ಅದೇ ವರ್ಷದ ಕೊನೆಗೆ ಬಂತು. ಕಾಂಪೋಸ್ಟಬಲ್ ಆದರೆ ಈ ದಪ್ಪದ ಲೆಕ್ಕ ಇಲ್ಲ. ಹಾಗಾಗಿ ತೆಳು ಚೀಲ ಮಾರಬೇಕಾದವರಿಗೆ ಉಳಿದದ್ದು ಇದೊಂದು ಬಾಗಿಲು. ಪ್ರಾಮಾಣಿಕರು ಪ್ರಮಾಣಪತ್ರ ತಗೊಂಡು ಆ ಬಾಗಿಲಲ್ಲಿ ಬಂದರು, ಉಳಿದವರು ಹಸಿರು ಬಣ್ಣ ಬಳಿದುಕೊಂಡು ಬಂದರು.

ಚನ್ನಗಿರಿಯಲ್ಲಿ ನಮ್ಮ ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆ ಅಡುಗೆಯವರು ‘ಎಲ್ಲಾ ಇಕೋ ಐಟಮ್ಮೇ ಸಾರ್’ ಅಂತ ಹೇಳಿ ಸಾಮಾನು ತಂದಿದ್ದರು. ಊಟಕ್ಕೆ ಬಾಳೆಲೆ, ತಿಂಡಿಗೆ ಹಾಳೆ ತಟ್ಟೆ. ಅಡಿಕೆ ಸೀಮೆಯಲ್ಲಿ ಅವೆರಡಕ್ಕೆ ಲೇಬಲ್ ಬೇಕಾಗಿಲ್ಲ. ಲೇಬಲ್ ಇದ್ದದ್ದು ಮೂರಕ್ಕೆ: ಎಂಜಲೆಲೆ ತುಂಬೋ ದೊಡ್ಡ ಹಸಿರು ಚೀಲ, ಪಾಯಸಕ್ಕೆ ಹಾಲುಬಣ್ಣದ ಗಟ್ಟಿ ಚಮಚ, ತಾಂಬೂಲಕ್ಕೆ ಕೊಡೋ ಸಣ್ಣ ಕೈಚೀಲ. ದೊಡ್ಡ ಚೀಲದ ಮೇಲೆ 17088 ಅನ್ನೋ ಸಂಖ್ಯೆ, ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಎಲ್ಲ ಇತ್ತು. ಚಮಚದ ಪೆಟ್ಟಿಗೆ ಮೇಲೆ ‘ಕಾಂಪೋಸ್ಟಬಲ್ ಪಿಎಲ್‌ಎ’ ಅಂತಿತ್ತು. ತಾಂಬೂಲದ ಚೀಲದ ಮೇಲೆ ‘ನೂರಕ್ಕೆ ನೂರು ಬಯೋಡಿಗ್ರೇಡಬಲ್’ ಅಂತಷ್ಟೇ. ಯಾರು ಮಾಡಿದ್ದು, ಎಷ್ಟು ದಿನ, ಎಲ್ಲಿ, ಏನೂ ಇಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಚೀಲದಿಂದ ಬೆರಳಗಲದ ಒಂದು ತುಂಡು ಕತ್ತರಿಸಿ, ಒಂದು ತೊಟ್ಟು ಸೋಪಿನ ನೀರು ಹಚ್ಚಿ, ಗುಳ್ಳೆ ಅಂಟಿಕೊಳ್ಳದ ಹಾಗೆ ಲೋಟದ ನೀರಿನ ತಳಕ್ಕೆ ಒತ್ತಿ ಬಿಡಿ. ಮಾಮೂಲಿ ಕವರಿನ ಪಾಲಿಥಿನ್ ನೀರಿಗಿಂತ ಹಗುರ. ಬಿಟ್ಟ ತಕ್ಷಣ ಮೇಲೆ ಬರುತ್ತೆ. ಕಾಂಪೋಸ್ಟಬಲ್ ಚೀಲ ಮಾಡೋದು ಪಿಬಿಎಟಿ, ಪಿಎಲ್‌ಎ, ಪಿಷ್ಟ ಇಂಥವನ್ನು ಬೆರೆಸಿ. ಇವು ನೀರಿಗಿಂತ ಸುಮಾರು ಕಾಲು ಪಾಲು ಹೆಚ್ಚು ತೂಕ, ಹಾಗಾಗಿ ತಳದಲ್ಲೇ ಕೂರುತ್ತವೆ. ನಮ್ಮ ಮೂರರಲ್ಲಿ ದೊಡ್ಡ ಚೀಲ ಮುಳುಗಿತು, ಚಮಚ ಮುಳುಗಿತು, ತಾಂಬೂಲದ ಚೀಲ ತೇಲಿತು. ತೇಲಿದರೆ ಅನುಮಾನವೇ ಬೇಡ, ಅದು ಕಾಂಪೋಸ್ಟಬಲ್ ಅಲ್ಲ. ಮುಳುಗಿದರೆ ಮಾತ್ರ ಖಾತ್ರಿ ಹೇಳೋಕಾಗಲ್ಲ, ಯಾಕಂದರೆ ಸುಣ್ಣದ ಪುಡಿ ಜಾಸ್ತಿ ಬೆರೆಸಿದ ಅಗ್ಗದ ಪಾಲಿಥಿನ್ ಕೂಡ ಮುಳುಗಬಹುದು. ಆಗ ಪ್ರಮಾಣಪತ್ರದ ಸಂಖ್ಯೆಯೇ ಗತಿ. ಮಂಡಳಿಯ ವೆಬ್‌ಸೈಟಿನಲ್ಲಿ ಕಾಂಪೋಸ್ಟಬಲ್ ತಯಾರಕರ ಪಟ್ಟಿ ಇರುತ್ತೆ, ಹೆಸರು ತಾಳೆ ನೋಡಬಹುದು. ಇನ್ನೊಂದು ಮಾತು: ಬಟ್ಟೆಯ ಹಾಗೆ ಕಾಣೋ ಬಣ್ಣದ ನಾನ್ ವೋವನ್ ಚೀಲವನ್ನೂ ಒಮ್ಮೆ ನೀರಿಗೆ ಹಾಕಿ ನೋಡಿ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ ನೂಲೇ. ಅದೂ ತೇಲುತ್ತೆ.

ತೇಲೋ ‘ಬಯೋಡಿಗ್ರೇಡಬಲ್’ ಚೀಲಗಳಲ್ಲಿ ಒಂದು ಜಾತಿಗೆ ‘ಆಕ್ಸೊ’ ಅಂತ ಹೆಸರು. ಮಾಮೂಲಿ ಪಾಲಿಥಿನ್ನಿಗೆ ಕೋಬಾಲ್ಟ್, ಮ್ಯಾಂಗನೀಸ್ ಇಂಥ ಲೋಹದ ಲವಣ ಒಂದಿಷ್ಟು ಸೇರಿಸಿರುತ್ತಾರೆ. ಬಿಸಿಲಿಗೆ, ಗಾಳಿಗೆ ಅದು ಬೇಗ ಪುಡಿಯಾಗುತ್ತೆ. ಕಣ್ಣಿಗೆ ಕಾಣದಂತಾಗೋದು ಬೇರೆ, ಇಲ್ಲದಂತಾಗೋದು ಬೇರೆ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2021ರ ಜುಲೈನಿಂದ ಆಕ್ಸೊ ಪ್ಲಾಸ್ಟಿಕ್ ಮಾರಾಟವನ್ನೇ ನಿಲ್ಲಿಸಿತು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಬಗೆಬಗೆಯ ಚೀಲಗಳನ್ನು ಅವರು ಮಣ್ಣಲ್ಲಿ, ಸಮುದ್ರದಲ್ಲಿ ಇಟ್ಟು ಮೂರು ವರ್ಷ ಕಾದರು. ಬಯೋಡಿಗ್ರೇಡಬಲ್ ಅಂತ ಬರೆದಿದ್ದ ಚೀಲ ಮೂರು ವರ್ಷ ಮಣ್ಣಲ್ಲಿದ್ದು ಹೊರಬಂದ ಮೇಲೂ ಸಾಮಾನು ಹೊರುವಷ್ಟು ಗಟ್ಟಿ ಇತ್ತು. ಕಾಂಪೋಸ್ಟಬಲ್ ಚೀಲ ಸಮುದ್ರದಲ್ಲಿ ಮೂರು ತಿಂಗಳಿಗೆ ಮಾಯವಾಯಿತು, ಮಣ್ಣಲ್ಲಿ ಮಾತ್ರ 27 ತಿಂಗಳಾದರೂ ಇತ್ತು; ಆದರೆ ತೂಕ ಹಾಕಿದರೆ ಹರಿಯುತ್ತಿತ್ತು.

ಈಗ ನಿಜವಾದ ಕಾಂಪೋಸ್ಟಬಲ್ ಚೀಲಕ್ಕೆ ಬರೋಣ, ಯಾಕಂದರೆ ತೊಡಕಿರೋದು ಅಲ್ಲೇ. 17088 ಪರೀಕ್ಷೆಯಲ್ಲಿ ಏನು ನಡೆಯುತ್ತೆ ಅಂದರೆ, ತುಂಡುಗಳನ್ನು ಗೊಬ್ಬರದ ರಾಶಿಯಲ್ಲಿ 84 ದಿನ, ಅಂದರೆ ಹನ್ನೆರಡು ವಾರ ಬಿಟ್ಟು, ಆಮೇಲೆ 2 ಮಿಲಿಮೀಟರ್ ಕಿಂಡಿಯ ಜರಡಿಯಲ್ಲಿ ಸೋಸುತ್ತಾರೆ. ಜರಡಿ ಮೇಲೆ ಮೂಲ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಉಳಿಯಬಾರದು. ಬೇರೆ ಪರೀಕ್ಷೆಯಲ್ಲಿ, ಅದರ ಇಂಗಾಲದ ನೂರಕ್ಕೆ 90 ಭಾಗ 180 ದಿನದೊಳಗೆ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗಬೇಕು. ಆ ಗೊಬ್ಬರದಲ್ಲಿ ಬೀಜ ಮೊಳೆಯುತ್ತಾ, ಭಾರಲೋಹ ಇದೆಯಾ ಅಂತಲೂ ನೋಡುತ್ತಾರೆ. ಕಟ್ಟುನಿಟ್ಟಾದ ಪರೀಕ್ಷೆಯೇ. ಆದರೆ ಇಂಗಾಲದ ಪರೀಕ್ಷೆ ನಡೆಯೋದು 58 ಡಿಗ್ರಿ ಶಾಖದಲ್ಲಿ, ಅಷ್ಟೂ ದಿನ ಅದೇ ಶಾಖ ಕಾಯ್ದುಕೊಂಡು.

ಈ 58ರಲ್ಲೇ ಗುಟ್ಟಿದೆ. ಪಿಎಲ್‌ಎ ಜೋಳದಂಥ ಬೆಳೆಯ ಸಕ್ಕರೆಯಿಂದ ಬಂದದ್ದಾದರೂ, ಅದರ ಉದ್ದುದ್ದ ಅಣುಸರಪಳಿಗಳು ತಣ್ಣಗಿದ್ದಾಗ ಬಿಗಿದು ಕೂತಿರುತ್ತವೆ. ಸೂಕ್ಷ್ಮಜೀವಿ ಅದನ್ನು ನೇರವಾಗಿ ತಿನ್ನಲ್ಲ. ಮೊದಲು ನೀರು ಒಳನುಗ್ಗಿ ಸರಪಳಿಯನ್ನು ತುಂಡು ಮಾಡಬೇಕು, ಆಮೇಲೆ ಆ ಚೂರುಗಳನ್ನು ಅವು ತಿನ್ನೋದು. 55ರಿಂದ 60 ಡಿಗ್ರಿ ಹತ್ತಿರ ಬಂದಾಗ ಸರಪಳಿ ಸಡಿಲವಾಗುತ್ತೆ, ನೀರು ಕೆಲಸ ಮಾಡುತ್ತೆ. 35 ಡಿಗ್ರಿಯಲ್ಲಿ ಅದೇ ಕೆಲಸ ತೀರಾ ನಿಧಾನ. ಹಸಿ ಕಡಿಮೆ ಇದ್ದರೆ ಅದೂ ಇಲ್ಲ. ಹಾಗಾಗಿ ಶಾಖ, ತೇವ, ಗಾಳಿ ಮೂರೂ ಒಟ್ಟಿಗೆ ಬೇಕು, ಅದೂ ವಾರಗಟ್ಟಲೆ.

ನಮ್ಮ ತಿಪ್ಪೆಯಲ್ಲಿ ಅಷ್ಟು ಶಾಖ ಇರುತ್ತಾ? ನ್ಯಾಮತಿ ಹತ್ತಿರ ನಮ್ಮ ತೋಟದ ತಿಪ್ಪೆಗೆ ಆ ಮೂರೂ ಸಾಮಾನಿನ ತುಂಡುಗಳನ್ನು ಹಾಕಿದೆ. ಆಮೇಲೆ ಹುಡುಕೋಕೆ ಸಿಗಲಿ ಅಂತ ಈರುಳ್ಳಿ ಬರೋ ಬಲೆ ಚೀಲದಲ್ಲಿ ಕಟ್ಟಿ, ಹೊಸ ಸಗಣಿ, ಅಡಿಕೆ ಸಿಪ್ಪೆ, ಅಡುಗೆಮನೆ ಕಸದ ನಡುವೆ ಹೂತೆ. ಸ್ಟೀಲ್ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡಿದರೆ ನಾಲ್ಕನೇ ದಿನ ನಡುಭಾಗದಲ್ಲಿ 54 ಡಿಗ್ರಿ! ಅಪ್ಪನಿಗೆ ನಗು. “ತಿಪ್ಪಿಗೆ ಜ್ವರ ನೋಡೋ ಮಗ ನನ್ನ ಹೊಟ್ಟೇಲಿ ಹುಟ್ಟವ್ನೆ” ಅಂತ ಪಕ್ಕದ ತೋಟದವರಿಗೆಲ್ಲ ಹೇಳಿಕೊಂಡು ಬಂದರು. ಹನ್ನೆರಡನೇ ದಿನಕ್ಕೆ 43, ಮೂರು ವಾರ ಕಳೆಯೋ ಹೊತ್ತಿಗೆ 33. ಮನೆ ತಿಪ್ಪೆಯ ಸ್ವಭಾವವೇ ಅದು. ದಿನಾ ಒಂದೊಂದು ಬುಟ್ಟಿ ಹಾಕುತ್ತೇವೆ, ಯಾರೂ ಮಗುಚಿ ಹಾಕಲ್ಲ, ಒಳಗಿನ ಗಾಳಿ ಮುಗಿದ ಕೂಡಲೇ ಶಾಖ ಇಳಿಯುತ್ತೆ. ಸಗಣಿ, ಎಲೆಗೆ ಅಷ್ಟು ಸಾಕು, ಅವು ತಣ್ಣಗೂ ಕೊಳೆಯುತ್ತವೆ.

ತೊಂಬತ್ತು ದಿನದ ಮೇಲೆ ಬಲೆ ಚೀಲ ತೆಗೆದೆ. ಹಸಿರು ಕಸದ ಚೀಲ ನೆನೆದ ಕಾಗದದ ಹಾಗೆ ಮೆತ್ತಗಾಗಿ, ಎಳೆದರೆ ಹರಿಯುತ್ತಿತ್ತು. ಆದರೆ ಅಂಗೈಯಗಲದ ತುಂಡುಗಳು ಸುಮಾರು ಇದ್ದವು. ಚಮಚದ ಹೊಳಪು ಹೋಗಿತ್ತು, ಅಷ್ಟೇ. ತೊಳೆದರೆ ಮತ್ತೆ ಪಾಯಸ ಬಡಿಸಬಹುದಿತ್ತು. ತಾಂಬೂಲದ ಚೀಲಕ್ಕೆ ಏನೂ ಆಗಿರಲಿಲ್ಲ, ಮೇಲಿನ ಎಲೆಯ ಚಿತ್ರ ಕೂಡ ಹಾಗೇ ಇತ್ತು. ಒಂದು ತಿಪ್ಪೆಯ ಕಥೆ ಇದು, ಪ್ರಯೋಗಶಾಲೆಯದಲ್ಲ. ಆದರೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಬ್ರಿಟನ್ನಿನ ಜನರ ಹಿತ್ತಲಲ್ಲೇ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ‘ಮನೆಯಲ್ಲೇ ಗೊಬ್ಬರವಾಗುತ್ತೆ’ ಅಂತ ಪ್ರಮಾಣಪತ್ರ ಪಡೆದ ಸಾಮಾನುಗಳಲ್ಲೇ ನೂರಕ್ಕೆ 60ರಷ್ಟು ಪೂರ್ತಿ ಕರಗಿರಲಿಲ್ಲ. ನಮ್ಮ ಚೀಲದ ಮೇಲಂತೂ ಕಾರ್ಖಾನೆ ಘಟಕದಲ್ಲಿ ಮಾತ್ರ ಅಂತಲೇ ಬರೆದಿದೆ.

ನಮ್ಮ ಕಡೆ ಇದು ಯಾಕೆ ಮುಖ್ಯ ಅಂದರೆ, ತಿಪ್ಪೆ ತಿಪ್ಪೆಯಲ್ಲೇ ಇರಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅದು ಅಡಿಕೆ ಬುಡಕ್ಕೆ ಹೋಗುತ್ತೆ. ಜಗಳೂರಲ್ಲಿ ಮೆಕ್ಕೆಜೋಳ, ಈರುಳ್ಳಿ ಹೊಲಕ್ಕೆ ಹೋಗುತ್ತೆ. ಅಲ್ಲಿ ಮಳೆಯೇ ಕಡಿಮೆ, ಬೇಸಿಗೆಯಲ್ಲಿ ತಿಪ್ಪೆ ಒಣಗಿ ಬೂದಿಯ ಹಾಗಿರುತ್ತೆ. ತೇವವೇ ಇಲ್ಲದ ಕಡೆ ಕಾಂಪೋಸ್ಟಬಲ್ ಚೀಲ ಸುಮ್ಮನೆ ಕಾದು ಕೂರುತ್ತೆ. ಸಾರು-ಅನ್ನ ಅಂಟಿದ ಚೀಲ ಬೀದಿಯಲ್ಲಿದ್ದರೆ ದನ ತಿನ್ನುತ್ತೆ, ದನದ ಹೊಟ್ಟೆಯ ಬಗ್ಗೆ ಯಾವ ಲೇಬಲ್ಲೂ ಏನೂ ಹೇಳಲ್ಲ. ಸೂಳೆಕೆರೆ ಏರಿ ಮೇಲೆ ಕೂತು ಮಂಡಕ್ಕಿ ತಿಂದವರು ಚೀಲ ನೀರಿಗೆ ಬಿಟ್ಟರೆ, 58 ಡಿಗ್ರಿಯ ಲೆಕ್ಕ ಅಲ್ಲಿಗೂ ಹೊಂದಲ್ಲ. ನೀರಲ್ಲಿ ಕರಗುತ್ತೆ ಅಂತ ಬೇರೆಯಾಗಿ ಬರೆದು, ಪ್ರಮಾಣಪತ್ರ ಇದ್ದರಷ್ಟೇ ಆ ಮಾತು.

ಹಾಗಾದರೆ ಇದು ಕೊನೆಗೆ ಎಲ್ಲಿಗೆ ಹೋಗಬೇಕು? ಪುಸ್ತಕದ ಉತ್ತರ: ಹಸಿ ಕಸದ ಜೊತೆ ದೊಡ್ಡ ಗೊಬ್ಬರ ಘಟಕಕ್ಕೆ. ಅಲ್ಲಿ ಆಳೆತ್ತರದ ಉದ್ದ ರಾಶಿ ಹಾಕಿ, ವಾರಕ್ಕೊಮ್ಮೆ ಮಗುಚಿ, ನೀರು ಚಿಮುಕಿಸಿ 55-60 ಡಿಗ್ರಿ ಕಾಯುತ್ತಾರೆ. ನಮ್ಮ ಕಡೆಯ ಒಂದು ಊರಿನ ಕಸ ವಿಲೇವಾರಿ ಘಟಕಕ್ಕೆ ಹೋಗಿ ಕೇಳಿದೆ. ರಾಶಿ ಇತ್ತು, ಶಾಖವೂ ಇತ್ತು. ಆದರೆ ಹಸಿ ಕಸ ರಾಶಿಗೆ ಹೋಗೋ ಮೊದಲು ಮೂರ್ನಾಲ್ಕು ಹೆಂಗಸರು ಕೂತು ಕೈಯಲ್ಲಿ ಆರಿಸುತ್ತಾರೆ. ಚಿಕ್ಕಪ್ಪನ ಮನೆಯಿಂದ ತಂದಿದ್ದ ಹಸಿರು ಚೀಲ ತೋರಿಸಿ, ಇದನ್ನು ರಾಶಿಗೆ ಹಾಕ್ತೀರಾ ಅಂದೆ. “ಕರಗೋದು ಯಾವುದು, ಕರಗದೇ ಇರೋದು ಯಾವುದು ಅಂತ ನಾವು ಓದ್ಕಂತ ಕುಂತ್ರೆ ಸಂಜಿಗೆ ಗಾಡಿ ಖಾಲಿ ಆಗ್ತೈತೇನಪ್ಪಾ? ಕವರ್ ಅಂದ್ರೆ ಕವರ್ರು, ಎಲ್ಲಾ ಆಚಿಗೆ” ಅಂದರು ಒಬ್ಬರು. ಅವರು ಮಾಡೋದು ಸರಿಯೇ. ಒಂದು ಮಾಮೂಲಿ ಕವರ್ ಒಳಗೆ ಹೋದರೆ ಗೊಬ್ಬರ ಕೊಳ್ಳೋ ರೈತ ಬೈಯುತ್ತಾನೆ. ಮೇಲಾಗಿ ಇಂಥ ರಾಶಿಗಳಲ್ಲಿ ಗೊಬ್ಬರ ಸಾಮಾನ್ಯವಾಗಿ ಒಂದೂವರೆ-ಎರಡು ತಿಂಗಳಲ್ಲಿ ಜರಡಿಗೆ ಬರುತ್ತೆ. ಪರೀಕ್ಷೆಯ 84 ದಿನ ಯಾರೂ ಕಾಯಲ್ಲ. ಹೊರಗೆ ಎಸೆದದ್ದು ಗುಡ್ಡೆ ಸೇರುತ್ತೆ, ಗಾಳಿಯಿಲ್ಲದ ಗುಡ್ಡೆಯೊಳಗೆ ಅದರ ಪಿಷ್ಟದ ಭಾಗ ಕೊಳೆತರೆ ಬರೋದು ಮೀಥೇನ್.

ಒಣ ಕಸಕ್ಕೆ ಹಾಕೋಣ ಅಂದರೆ ಅಲ್ಲಿ ಬೇರೆ ತೊಂದರೆ. ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣದಲ್ಲಿ ಕವರುಗಳನ್ನು ಒಟ್ಟು ಮಾಡಿ ಕರಗಿಸೋ ಕಡೆಗೆ ಕಳಿಸುತ್ತಾರೆ. ಪಾಲಿಥಿನ್ ಜೊತೆ ಪಿಬಿಎಟಿ, ಪಿಎಲ್‌ಎ ಬೆರೆತರೆ ಎಣ್ಣೆ-ನೀರಿನ ಹಾಗೆ ಒಂದಕ್ಕೊಂದು ಹೊಂದಲ್ಲ. ಅದರಿಂದ ಮಾಡಿದ ಪೈಪಿನಲ್ಲಿ, ಹಾಳೆಯಲ್ಲಿ ಆ ಜಾಗವೇ ಮೊದಲು ಸೀಳೋದು. ಪಿಎಲ್‌ಎ ಲೋಟ ನೀರಿನ ಬಾಟಲಿಗಳ ನಡುವೆ ಸೇರಿದರೂ ಹೀಗೇ. ಎರಡೂ ಗಾಜಿನ ಹಾಗೆ ಪಾರದರ್ಶಕ, ಗುಜರಿಯವರಿಗೆ ಗೊತ್ತಾಗಲ್ಲ, ಬಾಟಲಿ ಕರಗಿಸೋ ಶಾಖಕ್ಕೆ ಪಿಎಲ್‌ಎ ಕೆಟ್ಟು ಇಡೀ ಮಾಲು ಮಸುಕಾಗುತ್ತೆ.

ಆದ್ದರಿಂದ ನಮ್ಮ ನಾಲ್ಕು ತಾಲ್ಲೂಕಿನ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು. ಮನೆಗೆ ಬಂದುಬಿಟ್ಟ ಕಾಂಪೋಸ್ಟಬಲ್ ಚೀಲವನ್ನು ತಿಪ್ಪೆಗೂ ಹಾಕಬೇಡಿ, ಒಲೆಗೂ ಹಾಕಬೇಡಿ. ಹರಿಯೋತನಕ ಬಳಸಿ, ಆಮೇಲೆ ಒಣಗಿಸಿ, ಉಳಿದ ಕವರಿನಿಂದ ಬೇರೆ ಕಟ್ಟಿ, ಬೇರೆ ಅಂತ ಹೇಳಿಯೇ ಕಸದ ಗಾಡಿಗೆ ಕೊಡಿ. ಮರುಬಳಕೆಯಾಗದ ಕವರುಗಳನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸೋ ವ್ಯವಸ್ಥೆ ಇರೋ ಕಡೆ ಅದು ಆ ದಾರಿ ಹಿಡಿಯುತ್ತೆ. ಗೊಬ್ಬರವಾಗಲಿ ಅಂತ ದುಬಾರಿ ಕೊಟ್ಟು ಕೊಂಡದ್ದು ಕುಲುಮೆಗೆ ಹೋಗೋದು ಬೇಸರದ ವಿಷಯವೇ. ಬೆಂಗಳೂರಲ್ಲಿರೋರು ಅಪಾರ್ಟ್‌ಮೆಂಟಿನ ಹಸಿ ಕಸ ಒಯ್ಯೋರನ್ನು ಒಂದೇ ಪ್ರಶ್ನೆ ಕೇಳಿ: 17088 ಚೀಲವನ್ನು ನೀವು ರಾಶಿಗೆ ಹಾಕ್ತೀರಾ, ಆರಿಸಿ ಎಸೀತೀರಾ? ಹಾಕ್ತೀವಿ ಅಂದರೆ ಮಾತ್ರ ಆ ಚೀಲಕ್ಕೆ ಹೆಚ್ಚಿನ ದುಡ್ಡು ಕೊಡೋದರಲ್ಲಿ ಅರ್ಥವಿದೆ. ‘ಬಯೋಡಿಗ್ರೇಡಬಲ್’ ಅಂತಷ್ಟೇ ಬರೆದು ತೇಲೋ ಚೀಲವನ್ನು ಮಾಮೂಲಿ ಕವರ್ ಅಂತಲೇ ಲೆಕ್ಕ ಹಾಕಿ. ಅಂಗಡಿಯವರು ಅದಕ್ಕೆ ಹೆಚ್ಚು ಕೇಳಿದರೆ ಕೊಡಬೇಡಿ.

ಜಗಳೂರಿನ ಸೋದರತ್ತೆ ಮನೆಯಲ್ಲಿ ಮುಂದಿನ ಮದುವೆ. ಅಡುಗೆಯವರಿಗೆ ಫೋನ್ ಮಾಡಿ ಬಾಳೆಲೆ, ಹಾಳೆ ತಟ್ಟೆ, ಸ್ಟೀಲ್ ಲೋಟ, ಸ್ಟೀಲ್ ಚಮಚ ಅಂತ ಹೇಳಿ ಆಗಿದೆ. ತಾಂಬೂಲಕ್ಕೆ ಕಾಟನ್ ಬಟ್ಟೆಯ ಚೀಲ. ಎಂಜಲೆಲೆ ತುಂಬೋಕೆ ಮಾತ್ರ ಅವರು ಹಸಿರು ಚೀಲವೇ ಬೇಕು ಅಂದರು. ಡ್ರಮ್ಮಿನ ತಳಕ್ಕೆ ಹಳೇ ಪೇಪರ್ ಹಾಸಿ ಸೀದಾ ಟ್ರ್ಯಾಕ್ಟರಿಗೆ ಸುರಿದರೆ ಆಗಲ್ವಾ ಅಂದೆ. “ಆಗ್ತೈತೆ ಸಾರ್, ಡ್ರಮ್ ತೊಳಿಯೋಕೆ ಇಬ್ರು ಆಳು ಜಾಸ್ತಿ ಬೇಕು, ಅವರ ಕೂಲಿ ನಿಮ್ ಲೆಕ್ಕಕ್ಕೆ” ಅಂದರು. ಅತ್ತೆ ಒಪ್ಪಿದ್ದಾರೆ.